ಐದು ಅಡಿ ಆರು ಇಂಚು: ಅರ್ಜಿಯಲ್ಲಿ 167 ಬರೆಯಬೇಕೋ, 168 ಬರೆಯಬೇಕೋ?

ಪ್ರಶ್ನೆ (ಚಳ್ಳಕೆರೆ): ನನ್ನ ತಮ್ಮ ಐದು ಅಡಿ ಆರು ಇಂಚು ಇದ್ದಾನೆ. ಅರ್ಜಿಯಲ್ಲಿ ಎತ್ತರವನ್ನು ಸೆಂಟಿಮೀಟರಿನಲ್ಲಿ, ಪೂರ್ಣ ಸಂಖ್ಯೆಯಲ್ಲಿ ಕೇಳಿದ್ದಾರೆ. ಏನು ತುಂಬಿಸಲಿ? ಅನುಭವ ಇದ್ದವರು ತಿಳಿಸಿ.

ದಾವಣಗೆರೆ, ವಿದ್ಯಾನಗರ: ನನ್ನ ಮಗನದೂ ಇದೇ ಎತ್ತರ, ಅವನು ಹಾಕಿದ್ದು ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ. ಅರ್ಜಿ ತುಂಬಿಕೊಟ್ಟ ಕಂಪ್ಯೂಟರ್ ಅಂಗಡಿಯವನು ಐದು ಅಡಿ ಆರು ಇಂಚನ್ನು 5.6 ಎಂದು ಬರೆದುಕೊಂಡು, ಅದನ್ನು 30.48ರಿಂದ ಗುಣಿಸಿ, 170.69 ಬಂತೆಂದು 171 ಎಂದು ತುಂಬಿದ. ಆರು ಇಂಚೆಂದರೆ ಅರ್ಧ ಅಡಿ, ಆದ್ದರಿಂದ ಅದು 5.5 ಆಗಬೇಕಿತ್ತು. ಪುರುಷರಿಗೆ 168 ಬೇಕೆಂದಿತ್ತು, ನಾವು 171 ನೋಡಿ ನಿಶ್ಚಿಂತರಾಗಿ ತರಬೇತಿ ಕೇಂದ್ರಕ್ಕೆ 9,000 ರೂಪಾಯಿ, ಓಟದ ಬೂಟಿಗೆ 1,800, ಅದರ ಮೇಲೆ ಕೊಠಡಿಯ ಬಾಡಿಗೆ ಮತ್ತು ಮುಂಗಡ ಎಲ್ಲವನ್ನೂ ಕಟ್ಟಿದೆವು. ಮೈದಾನದಲ್ಲಿ ಅಳತೆಗೋಲಿನ ಕೆಳಗೆ ನಿಲ್ಲಿಸಿದಾಗ 168 ಮುಟ್ಟಲಿಲ್ಲ, ಓಡುವ ಅವಕಾಶವೇ ಸಿಗದೆ ಹುಡುಗ ಹಿಂದಿರುಗಿದ. ಕೊಠಡಿಯ ಮುಂಗಡ ಇನ್ನೂ ವಾಪಸು ಬಂದಿಲ್ಲ.

ಚಿತ್ರದುರ್ಗ, ದರ್ಜಿ: ಇಷ್ಟಕ್ಕೆ ಗುಣಾಕಾರ ಏಕೆ ಬೇಕು, ಯಜಮಾನರೇ? ಅಡಿಗೆ ಮೂವತ್ತು, ಇಂಚಿಗೆ ಎರಡೂವರೆ. ಐದು ಅಡಿಗೆ 150, ಆರು ಇಂಚಿಗೆ 15, ಒಟ್ಟು 165. ನನ್ನ ತಂದೆಯ ಕಾಲದಿಂದ ಇದೇ ಲೆಕ್ಕದಲ್ಲಿ ಬಟ್ಟೆ ಕತ್ತರಿಸುತ್ತಿದ್ದೇವೆ, ಒಂದು ಪ್ಯಾಂಟೂ ಗಿಡ್ಡವಾಗಿಲ್ಲ.

ಹೊಳಲ್ಕೆರೆ, ದೈಹಿಕ ಶಿಕ್ಷಕ: ದರ್ಜಿಯವರ ಲೆಕ್ಕ ಬಟ್ಟೆಗೆ ಸರಿ, ಅರ್ಜಿಗೆ ಸಾಲದು. ಇಂಚಿಗೆ 2.54 ಎಂಬುದು 1959ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಿಂದ ನಿಗದಿಯಾದ ಮೌಲ್ಯ, ಅಂದಾಜಲ್ಲ. ಮೊದಲು ಅಡಿಗಳನ್ನು ಇಂಚಿಗೆ ಇಳಿಸಬೇಕು: ಐದು ಹನ್ನೆರಡಲಿ ಅರವತ್ತು, ಆರು ಸೇರಿಸಿದರೆ 66, ಅದನ್ನು 2.54ರಿಂದ ಗುಣಿಸಿದರೆ 167.64. ಇಂಚಿಗೆ 0.04 ಬಿಟ್ಟರೆ ಒಬ್ಬ ಮನುಷ್ಯನ ಎತ್ತರದಲ್ಲಿ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಕಳೆದುಹೋಗುತ್ತದೆ.

ಆದರೆ ನಾನು ಮಕ್ಕಳಿಗೆ ಪರಿವರ್ತಿಸಲು ಹೇಳುವುದೇ ಇಲ್ಲ. ‘ಐದು ಆರು’ ಎಂದು ಮನೆಯಲ್ಲಿ ಹೇಳುವ ಎತ್ತರವನ್ನು ಯಾರೋ ಎಂದೋ ಹತ್ತಿರದ ಇಂಚಿಗೆ ಹೊಂದಿಸಿರುತ್ತಾರೆ, ನಿಜದಲ್ಲಿ ಅದು 166.5 ಇರಬಹುದು, 168.5 ಕೂಡ ಇರಬಹುದು. ಬರಿಗಾಲಲ್ಲಿ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಡಿ. ಪುಸ್ತಕದ ಬೆನ್ನು ಗೋಡೆಗೆ ಪೂರ್ತಿ ಅಂಟಿರಬೇಕು, ಇಲ್ಲದಿದ್ದರೆ ಅದು ಓರೆಯಾಗಿ ಗುರುತು ಮೇಲೆ ಕೆಳಗೆ ಸರಿಯುತ್ತದೆ. ಅಲ್ಲಿ ಪೆನ್ಸಿಲ್ ಗೆರೆ ಹಾಕಿ, ನೆಲದಿಂದ ಗೆರೆಯವರೆಗೆ ಗಾರೆಯವರ ಉಕ್ಕಿನ ಟೇಪಿನ ಸೆಂಟಿಮೀಟರ್ ಬದಿಯಿಂದ ಅಳೆಯಿರಿ. ದರ್ಜಿಯ ಟೇಪು ಸಾಮಾನ್ಯವಾಗಿ 60 ಇಂಚಿಗೆ ಮುಗಿಯುತ್ತದೆ, ಮತ್ತೊಮ್ಮೆ ಜೋಡಿಸುವಾಗಲೇ ತಪ್ಪು ನುಸುಳುತ್ತದೆ.

ಚಿತ್ರದುರ್ಗ, ದರ್ಜಿ: ನನ್ನ ಟೇಪಿನ ಸುದ್ದಿ ನಿಮಗೆ ಬೇಡ, ಮೇಷ್ಟ್ರೇ. ಜೋಡಿಸಿ ಅಳೆಯುವುದು ನಮಗೆ ದಿನನಿತ್ಯದ ಕೆಲಸ.

ದಾವಣಗೆರೆ, ಪಿ.ಜೆ. ಬಡಾವಣೆ: ನಮ್ಮ ಮನೆಯವರ ಪ್ರಕರಣ ಇನ್ನೂ ಕೆಟ್ಟದು. ಅವರ ಎತ್ತರ ಐದು ಅಡಿ ಹತ್ತು ಇಂಚು. ಕಾರ್ಖಾನೆಯ ಕಚೇರಿಯವರು ಅದನ್ನು ಎಕ್ಸೆಲ್ ಹಾಳೆಯಲ್ಲಿ 5.10 ಎಂದು ಹಾಕಿದಾಗ ಕೊನೆಯ ಸೊನ್ನೆ ಮಾಯವಾಗಿ 5.1 ಉಳಿಯಿತು, ಮುಂದಿನವರು ಅದನ್ನು ಐದು ಅಡಿ ಒಂದು ಇಂಚೆಂದು ಓದಿ ವಿಮೆಯ ನಮೂನೆಯಲ್ಲಿ 155 ಎಂದು ಬರೆದರು. ಇರಬೇಕಾದದ್ದು 178. ಅದೇ ತೂಕಕ್ಕೆ ಆ ಎತ್ತರ ಹಾಕಿದಾಗ ಅವರು ಸ್ಥೂಲಕಾಯರ ಪಟ್ಟಿಗೆ ಸೇರಿ, ತಿದ್ದುಪಡಿಗೆ ವೈದ್ಯರ ಪ್ರಮಾಣಪತ್ರಕ್ಕೆ 300, ನೋಟರಿಗೆ 200 ರೂಪಾಯಿ ನಾವೇ ತೆರಬೇಕಾಯಿತು. ಅಡಿ, ಇಂಚುಗಳ ನಡುವೆ ಚುಕ್ಕಿ ಇಡುವುದನ್ನು ಮೊದಲು ನಿಲ್ಲಿಸಬೇಕು.

ಹಿರಿಯೂರು: ಇಷ್ಟೆಲ್ಲ ಚರ್ಚೆ ಅನಗತ್ಯ. 0.64 ಅರ್ಧಕ್ಕಿಂತ ಹೆಚ್ಚು, ಆದ್ದರಿಂದ 168 ಎಂದು ಬರೆಯಿರಿ. ಹೇಗೂ ಅವರೇ ಅಳೆಯುತ್ತಾರೆ.

ದಾವಣಗೆರೆ, ವಿದ್ಯಾನಗರ: ಹೀಗೆ ಹೇಳುವವರಿಂದಲೇ ನಮ್ಮ ಹಣ ಹೋದದ್ದು! ಅವರು ಅಳೆದಾಗ 168 ಬರದಿದ್ದರೆ ಕಾಗದದ 168ಕ್ಕೆ ಏನು ಬೆಲೆ? ಹೊರಗೆ ನಿಂತ ಮಗನ ಮುಖ ನೀವು ನೋಡಿದ್ದೀರಾ?

ಹಿರಿಯೂರು: ಅಂಗಡಿಯವನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಬೇಡಿ, ಅಣ್ಣಾ. ನನ್ನ ತಂಗಿ ಐದು ಅಡಿ ಎರಡು ಇಂಚು, 157.48 ಬಂತು, 157 ಎಂದು ತುಂಬಿದೆವು, ಮಹಿಳೆಯರಿಗೆ ಬೇಕಾದದ್ದೂ 157. ಮೈದಾನದಲ್ಲಿ ಒಂದು ಮಾತೂ ಇಲ್ಲದೆ ದಾಟಿದಳು.

ಹೊಳಲ್ಕೆರೆ, ದೈಹಿಕ ಶಿಕ್ಷಕ: ನಿಮ್ಮ ತಂಗಿಗೆ ಅರ್ಧ ಸೆಂಟಿಮೀಟರ್ ಕೈಯಲ್ಲಿತ್ತು, ಅವರ ಮಗನಿಗೆ 0.36 ಕಡಿಮೆ ಇತ್ತು. ಕನಿಷ್ಠ ಮಿತಿಯೇ ಇಲ್ಲದ ನಮೂನೆಯಾದರೆ 168 ಎಂದು ಹೊಂದಿಸುವುದು ಸರಿಯೇ. ಮಿತಿ ಇರುವಲ್ಲಿ, ಅಳೆದು ಬಂದದ್ದರ ಪೂರ್ಣ ಭಾಗವನ್ನಷ್ಟೇ ಬರೆಯಬೇಕೆಂಬುದು ನನ್ನ ನಿಲುವು. ಬೆಳಿಗ್ಗೆ ಎದ್ದಾಗಿನ ಎತ್ತರ ಸಂಜೆಯ ಹೊತ್ತಿಗೆ ಬೆನ್ನುಮೂಳೆ ಒತ್ತಿಕೊಂಡು ಸುಮಾರು ಒಂದು ಸೆಂಟಿಮೀಟರಿನಷ್ಟು ತಗ್ಗುತ್ತದೆ, ಆದ್ದರಿಂದ ಸಂಜೆಯೂ ಒಮ್ಮೆ ಅಳೆದು ನೋಡಿ.

ಚಿತ್ರದುರ್ಗ, ದರ್ಜಿ: ಹಾಗಾದರೆ ಯಾವ ಹೊತ್ತಿನ ಎತ್ತರವನ್ನು ಬರೆಯಬೇಕು? ಅದನ್ನು ಹೇಳದೆ ನನ್ನ ಎರಡೂವರೆಯನ್ನು ಮಾತ್ರ ತಪ್ಪೆನ್ನುತ್ತೀರಿ.

ದಾವಣಗೆರೆ, ಪಿ.ಜೆ. ಬಡಾವಣೆ: ಚಳ್ಳಕೆರೆಯವರೇ, ಇದು ಯಾವ ಅರ್ಜಿ ಎಂದು ನೀವು ಇನ್ನೂ ತಿಳಿಸಿಲ್ಲ. ಅದರಲ್ಲಿ ಕನಿಷ್ಠ ಎತ್ತರ ನಮೂದಾಗಿದೆಯೇ?