ಅಕೌಂಟೆಂಟ್ ಗ್ರೂಪ್ ಪ್ರಶ್ನೋತ್ತರ: ಬಜೆಟ್‌ಗಿಂತ ಮೆಕ್ಕೆಜೋಳದ ಖರ್ಚು 12.43 ಲಕ್ಷ ಹೆಚ್ಚು, ವರದೀಲಿ ಏನಂತ ಬರೀಲಿ?

ಫೀಡ್ ಫ್ಯಾಕ್ಟರಿ ಅಕೌಂಟೆಂಟ್, ದಾವಣಗೆರೆ: ಮೇಡಂ ನಮಸ್ಕಾರ. ಕೋಳಿ ಆಹಾರದ ಫ್ಯಾಕ್ಟರಿ ನಮ್ಮದು. ಅಕ್ಟೋಬರ್ ಬಜೆಟ್: 500 ಟನ್ ಫೀಡ್, ಟನ್ನಿಗೆ 600 ಕೆಜಿ ಮೆಕ್ಕೆಜೋಳ, ದರ ಟನ್ನಿಗೆ 22,000. ಒಟ್ಟು 66 ಲಕ್ಷ. ಆಗಿದ್ದು: 550 ಟನ್ ಫೀಡ್, 341 ಟನ್ ಜೋಳ, ದರ 23,000. ಒಟ್ಟು 78.43 ಲಕ್ಷ. "ಮಾರುಕಟ್ಟೆ ದರ ಏರಿಳಿತ ಹಾಗೂ ಬಳಕೆ ಹೆಚ್ಚಳದಿಂದ ಕಚ್ಚಾ ಸಾಮಗ್ರಿ ವೆಚ್ಚ ಶೇ 18.8 ಹೆಚ್ಚಾಗಿದೆ" ಅಂತ ಬರೆದು ಕೊಟ್ಟೆ. ಓನರ್ ವಾಪಸ್ ಕೊಟ್ಟು "ಇದರಲ್ಲಿ ನಂಗೇನು ಅರ್ಥ ಆಗಬೇಕು?" ಅಂದ್ರು. ಪ್ಲಾಂಟ್ ಮ್ಯಾನೇಜರ್ ಬೇರೆ, ಬಳಕೆ ಹೆಚ್ಚು ಅಂತ ಯಾಕೆ ಬರೆದ್ರಿ ಅಂತ ಜಗಳಕ್ಕೆ ಬಂದಿದಾರೆ.

ಕಾಸ್ಟ್ ಅಕೌಂಟೆಂಟ್ ಮೇಡಂ: ಮೊದಲು 12.43 ಲಕ್ಷವನ್ನು ಮೂರು ತುಂಡು ಮಾಡಿ. ಎಕ್ಸೆಲ್‌ನಲ್ಲಿ B ಕಾಲಂ ಬಜೆಟ್, C ಕಾಲಂ ಆಗಿದ್ದು. 2ನೇ ಸಾಲಿಗೆ ಫೀಡ್ ಟನ್, 3ನೇ ಸಾಲಿಗೆ ಟನ್ನಿಗೆ ಎಷ್ಟು ಜೋಳ (0.6 ಮತ್ತು 0.62), 4ನೇ ಸಾಲಿಗೆ ದರ.

```
=(C2-B2)*B3*B4
=C2*(C3-B3)*B4
=C2*C3*(C4-B4)
```

ಮೊದಲನೇದು 6.60 ಲಕ್ಷ. ಇದು ಖರ್ಚು ಹೆಚ್ಚಾಗಿದ್ದಲ್ಲ, ಕೆಲಸ ಹೆಚ್ಚಾಗಿದ್ದು. 50 ಟನ್ ಫೀಡ್ ಜಾಸ್ತಿ ಮಾಡಿದ್ರೆ 30 ಟನ್ ಜೋಳ ಜಾಸ್ತಿ ಬೇಕೇ ಬೇಕು. ಶೇ 18.8 ಅಂತ ಒಂದೇ ಅಂಕಿಯಲ್ಲಿ ಹೇಳಿದಾಗ ಓನರ್‌ಗೆ ಸಿಟ್ಟು ಬಂದಿದ್ದು ಇದಕ್ಕೇ, ಅರ್ಧಕ್ಕಿಂತ ಹೆಚ್ಚು ಭಾಗ ತಪ್ಪೇ ಅಲ್ಲ. ಎರಡನೇದು 2.42 ಲಕ್ಷ, 330 ಟನ್ ಆಗಬೇಕಿದ್ದ ಕಡೆ 341 ಆಗಿದ್ದಕ್ಕೆ. ಮೂರನೇದು 3.41 ಲಕ್ಷ, ದರಕ್ಕೆ. ಕೂಡಿಸಿದ್ರೆ 12.43 ಬರಬೇಕು, ಬರದಿದ್ರೆ ಮುಂದೆ ಹೋಗಬೇಡಿ.

ಈಗ ಒಂದು ಕೇಳ್ತೀನಿ, ಇದಕ್ಕೆ ಉತ್ತರ ಬರೋವರೆಗೆ ಪ್ಲಾಂಟ್ ಮೇಲೆ ಒಂದಕ್ಷರ ಬರೀಬೇಡಿ. ಆ 341 ಟನ್ ಯಾವ ತೂಕ? ಗೇಟ್ ಕಾಟಾದ್ದೋ, ಡ್ರೈಯರ್ ಆದ ಮೇಲಿಂದೋ?

ಹರಿಹರದ ಸದಸ್ಯ: ಇಷ್ಟೆಲ್ಲಾ ಯಾಕ್ರೀ. ಈ ಟೆಂಪ್ಲೇಟ್ ಎಲ್ಲಾ ಗ್ರೂಪಲ್ಲೂ ಓಡ್ತಾ ಇದೆ, ನಂಬರ್ ಹಾಕಿದ್ರೆ ಶೇ 10 ದಾಟಿದ್ದು ತಾನಾಗೇ ಕೆಂಪು, ಉಳಿದಿದ್ದು ಹಸಿರು. ಕೆಂಪಿಗೆ ಮಾತ್ರ ಕಾರಣ ಬರೀರಿ. ಫಾರ್ವರ್ಡ್ ಮಾಡಿದೀನಿ.

ಕಾಸ್ಟ್ ಅಕೌಂಟೆಂಟ್ ಮೇಡಂ: ಆ ಫೈಲ್ ಬಳಸಬೇಡಿ. ಶೇಕಡಾವಾರು ಲೆಕ್ಕ ಆಗಿದ್ದನ್ನು ಛೇದ ಮಾಡಿ ಹಾಕಿದಾರೆ, ಬಜೆಟ್ ಛೇದ ಆಗಬೇಕು. ಇವರ 12.43 ಲಕ್ಷ ಅದರಲ್ಲಿ ಶೇ 15.8 ಆಗುತ್ತೆ. ಜೊತೆಗೆ ಹೆಚ್ಚಾದದ್ದೆಲ್ಲಾ ಕೆಂಪು ಅಂದ್ರೆ ಮಾರಾಟ ಹೆಚ್ಚಾದ್ರೂ ಕೆಂಪಾಗುತ್ತೆ. ಶೇ 10ರ ಗೆರೆ ಒಂದೇ ಸಾಲದು: 8,000 ರೂಪಾಯಿ ಸ್ಟೇಷನರಿ ಇಮ್ಮಡಿ ಆದ್ರೆ ಪುಟ ತುಂಬಾ ಕಾರಣ ಬರೀತೀರಿ, 66 ಲಕ್ಷದ ಜೋಳದಲ್ಲಿ ಶೇ 9 ಹೋದ್ರೆ 5.94 ಲಕ್ಷ ಹಸಿರಲ್ಲಿ ಮಲಗಿರುತ್ತೆ. ರೂಪಾಯಿಯ ಗೆರೆಯನ್ನೂ ಇಡಿ. ಎಷ್ಟಂತ ಓನರ್ ಹೇಳಲಿ.

ಚಿತ್ರದುರ್ಗದ ಸದಸ್ಯೆ: ಮೇಡಂ ಒಂದು ಒಳ್ಳೆ ಫಾರ್ಮ್ಯಾಟ್ ಕಳಿಸ್ತೀರಾ?

ಕಾಸ್ಟ್ ಅಕೌಂಟೆಂಟ್ ಮೇಡಂ: ಮೇಲಿನ ಮೂರು ಸೂತ್ರವೇ ಫಾರ್ಮ್ಯಾಟ್.

ಫೀಡ್ ಫ್ಯಾಕ್ಟರಿ ಅಕೌಂಟೆಂಟ್: ಮೇಡಂ, ಸ್ಟೋರ್‌ನವರು ಗೇಟ್ ಕಾಟಾ ಚೀಟಿ ನೋಡಿ ಟ್ಯಾಲಿಗೆ ಹಾಕ್ತಾರೆ. ಡ್ರೈಯರ್ ಆದ ಮೇಲೆ ತೂಕ ಮಾಡಲ್ಲ. ಗೇಟ್ ರಿಜಿಸ್ಟರ್‌ನಲ್ಲಿ ತೇವಾಂಶ ಬರೆದಿದೆ, ಸರಾಸರಿ ಶೇ 15. ಫಾರ್ಮುಲಾದ 600 ಕೆಜಿ 12 ತೇವಾಂಶದ ಜೋಳಕ್ಕೆ ಅಂತ ಪ್ಲಾಂಟ್‌ನವರು ಹೇಳ್ತಾರೆ.

ಕಾಸ್ಟ್ ಅಕೌಂಟೆಂಟ್ ಮೇಡಂ: ಅದೇ ಅನುಮಾನ ಇತ್ತು. ಅಕ್ಟೋಬರ್‌ನಲ್ಲಿ ಹೊಸ ಜೋಳ ಹಸಿ ಹಸಿ ಬರುತ್ತೆ. 100 ಕೆಜಿ ಜೋಳದಲ್ಲಿ ತೇವ 15 ಇದ್ರೆ ಒಣ ಪದಾರ್ಥ 85 ಕೆಜಿ. ಅದನ್ನ 12ಕ್ಕೆ ಒಣಗಿಸಿದಾಗ ಆ 85 ಕೆಜಿ ಹಾಗೇ ಇರುತ್ತೆ, ನೀರು ಮಾತ್ರ ಹೋಗುತ್ತೆ. 15ರಿಂದ 12 ಕಳೆದು ಶೇ 3 ಅಂತ ಹಿಡೀಬೇಡಿ, ಎಲ್ಲರೂ ಎಡವೋದು ಅಲ್ಲೇ. ಲೆಕ್ಕ ಹೀಗೆ:

```
=341*(100-15)/(100-12)
```

329.4 ಟನ್ ಬರುತ್ತೆ. 550 ಟನ್ ಫೀಡಿಗೆ ಬೇಕಿದ್ದದ್ದು 330. ಅಂದ್ರೆ ಪ್ಲಾಂಟ್‌ನವರು ಒಂದು ಚೀಲವೂ ಹೆಚ್ಚು ಬಳಸಿಲ್ಲ. 11 ಟನ್ ಜೋಳ ಎಲ್ಲೂ ಸೋರಿಲ್ಲ, ಆವಿಯಾಗಿ ಹೋಗಿದೆ. ನೀವು ನೀರನ್ನ ಟನ್ನಿಗೆ 23,000 ಕೊಟ್ಟು ತಂದಿದೀರಿ.

ಈಗ 78.43 ಲಕ್ಷವನ್ನ 329.4ಕ್ಕೆ ಭಾಗಿಸಿ. ಒಣ ಜೋಳದ ನಿಜವಾದ ದರ ಟನ್ನಿಗೆ ಸುಮಾರು 23,800. ನೀವು 23,000 ಅಂದುಕೊಂಡಿದ್ರಿ. ಬಳಕೆಯ 2.42 ಮತ್ತು ದರದ 3.41 ಸೇರಿ 5.83 ಲಕ್ಷ, ಹೆಚ್ಚುಕಮ್ಮಿ ಪೂರ್ತಿ ಖರೀದಿಯ ಕಡೆಯದು. ಒಟ್ಟು ಮೊತ್ತ ಒಂದು ರೂಪಾಯಿ ಬದಲಾಗಲಿಲ್ಲ, ಹೇಳಬೇಕಾದ ಮಾತು ಬದಲಾಯಿತು.

ಇದನ್ನ ಖಚಿತ ಮಾಡಿಕೊಳ್ಳೋಕೆ ಎರಡು ಕಡೆ ನೋಡಿ. ಡ್ರೈಯರ್ ಸೌದೆ ಖರ್ಚು ಬಜೆಟ್‌ಗಿಂತ ಹೆಚ್ಚಾಗಿದೆಯಾ? ಹಸಿ ಜೋಳ ಬಂದಿದ್ರೆ ಆಗಿರಲೇಬೇಕು. ಎರಡನೇದು ಬ್ಯಾಚ್ ಶೀಟ್. ಸೋಯಾ ಹಿಂಡಿ ಕಡಿಮೆ ಮಾಡಿ ಜೋಳ ಜಾಸ್ತಿ ಹಾಕೋ ಹಾಗೆ ಫಾರ್ಮುಲಾ ಬದಲಾಯಿಸಿದ್ರೆ ಟನ್ನಿಗೆ 600ರ ಜಾಗದಲ್ಲಿ ಬೇರೆ ಅಂಕಿ ಇರುತ್ತೆ, ಆಗ ಕಥೆಯೇ ಬೇರೆ. ತೇವಾಂಶದ ಸರಾಸರಿಯನ್ನೂ ಲಾರಿ ಲೆಕ್ಕದಲ್ಲಿ ಹಿಡೀಬೇಡಿ, ತೂಕದ ಲೆಕ್ಕದಲ್ಲಿ ಹಿಡೀರಿ. 18ರ 25 ಟನ್ ಲಾರಿಯೂ 13ರ 4 ಟನ್ ಟ್ರ್ಯಾಕ್ಟರೂ ಸಮ ಅಲ್ಲ.

ಸಿಎ ವಿದ್ಯಾರ್ಥಿ: ಮೇಡಂ ಕ್ಷಮಿಸಿ, ದರದ ವ್ಯತ್ಯಾಸ ಬಳಸಿದ ಪ್ರಮಾಣಕ್ಕಲ್ಲ, ಖರೀದಿಸಿದ ಪ್ರಮಾಣಕ್ಕೆ ಹಾಕಬೇಕು. ಪುಸ್ತಕದಲ್ಲಿ ಹಾಗೇ ಇದೆ.

ಚಳ್ಳಕೆರೆ ಎಣ್ಣೆ ಮಿಲ್ ಲೆಕ್ಕಪತ್ರ: ಪುಸ್ತಕ ಇಟ್ಕೊಂಡು ಮಿಲ್ ನಡೆಸಕ್ಕಾಗಲ್ಲ ತಮ್ಮಾ. ಸೀಸನ್‌ನಲ್ಲಿ ನಾಲ್ಕು ತಿಂಗಳ ಶೇಂಗಾ ಒಂದೇ ಸಲ ತಗೊಂಡ್ರೆ ಪೂರ್ತಿ ವ್ಯತ್ಯಾಸ ಒಂದೇ ತಿಂಗಳ ತಲೆ ಮೇಲೆ ಕೂರುತ್ತೆ.

ಸಿಎ ವಿದ್ಯಾರ್ಥಿ: ಕೂರಲಿ ಅಣ್ಣಾ, ಖರೀದಿದಾರ ತಪ್ಪು ಮಾಡಿದ್ದು ಆ ತಿಂಗಳೇ ಅಲ್ವಾ? ನಾಲ್ಕು ತಿಂಗಳು ಕಾದು ಹೇಳಿದ್ರೆ ಏನು ಪ್ರಯೋಜನ?

ಚಳ್ಳಕೆರೆ ಎಣ್ಣೆ ಮಿಲ್ ಲೆಕ್ಕಪತ್ರ: ಲಾಭ ನಷ್ಟದ ಪಟ್ಟಿಗೆ ಹೊಂದಲ್ಲ. ಓನರ್ ಎರಡೂ ಹಾಳೆ ಹಿಡ್ಕೊಂಡು ಕೂತಾಗ ನೀನು ಬಂದು ಉತ್ತರ ಕೊಡ್ತೀಯಾ?

ಕಾಸ್ಟ್ ಅಕೌಂಟೆಂಟ್ ಮೇಡಂ: ಎರಡೂ ನಡೆಯುತ್ತೆ. ಖರೀದಿಯವರನ್ನ ಬೇಗ ಎಚ್ಚರಿಸಬೇಕಿದ್ರೆ ಖರೀದಿ ಪ್ರಮಾಣ, ತಿಂಗಳ ಲೆಕ್ಕಕ್ಕೆ ಹೊಂದಬೇಕಿದ್ರೆ ಬಳಸಿದ ಪ್ರಮಾಣ. ಒಂದನ್ನ ಹಿಡಿದು ವರ್ಷ ಪೂರ್ತಿ ಬಿಡಬೇಡಿ. ಇಲ್ಲಿ ಜಗಳ ಸಾಕು.

ಜಗಳೂರಿನ ಸದಸ್ಯ: ನಮ್ದು 2Bಗೂ ಖರೀದಿ ರಿಜಿಸ್ಟರ್‌ಗೂ ವ್ಯತ್ಯಾಸ ಬರ್ತಿದೆ ಮೇಡಂ, ಅದಕ್ಕೂ ಇದೇ ಸೂತ್ರನಾ?

ಕಾಸ್ಟ್ ಅಕೌಂಟೆಂಟ್ ಮೇಡಂ: ಅಲ್ಲ. ಅದು ಜಿಎಸ್‌ಟಿ ತಾಳೆ, ಇಲ್ಲಿ ಬೇಡ.

ಹೊಸದುರ್ಗದ ಸದಸ್ಯ: ಕಟ್ಟಡ ಕಂಟ್ರಾಕ್ಟ್‌ನಲ್ಲಿ ಕೆಲಸ ಅರ್ಧ ಆಗಿರುವಾಗ ಬಜೆಟ್ ಯಾವುದನ್ನ ಹಿಡೀಬೇಕು? ಗೊತ್ತಿದ್ದೋರು ಹೇಳಿ.

ಫೀಡ್ ಫ್ಯಾಕ್ಟರಿ ಅಕೌಂಟೆಂಟ್: ಸೌದೆ ನೋಡಿದೆ ಮೇಡಂ, 60 ಸಾವಿರ ಹೆಚ್ಚಾಗಿದೆ. "ಇತರೆ ಖರ್ಚು" ಸಾಲಿನಲ್ಲಿ ಸೇರಿಹೋಗಿತ್ತು. ಬ್ಯಾಚ್ ಶೀಟಲ್ಲಿ 600 ಕೆಜಿನೇ ಇದೆ. ಹಾಗಾದ್ರೆ ವಾಕ್ಯ ಹೇಗೆ? ಇನ್ನೊಂದು, ಕರೆಂಟಲ್ಲಿ 1.8 ಲಕ್ಷ ಉಳಿತಾಯ ತೋರಿಸ್ತಿದೆ. ಓನರ್‌ಗೆ ಅದೊಂದೇ ಖುಷಿ.

ಕಾಸ್ಟ್ ಅಕೌಂಟೆಂಟ್ ಮೇಡಂ: ಉತ್ಪಾದನೆ ಹತ್ತರಲ್ಲಿ ಒಂದು ಪಾಲು ಹೆಚ್ಚಾಗಿ ಕರೆಂಟ್ ಹೇಗೆ ಕಡಿಮೆ ಆಗುತ್ತೆ? ಅಕ್ಟೋಬರ್ ಪೂರ್ತಿ ಬಳಕೆಯ ಬೆಸ್ಕಾಂ ಬಿಲ್ ನವೆಂಬರ್‌ನಲ್ಲಿ ಬರುತ್ತೆ, ನೀವು ಬಂದ ಮೇಲೆ ಹಾಕೋರು ಇರಬೇಕು. ತಿಂಗಳ ಕೊನೇ ದಿನ ಮೀಟರ್ ರೀಡಿಂಗ್ ತಗೊಂಡು ಅಂದಾಜು ಹಾಕಿ. ಈ ಸಲಕ್ಕೆ "ಇದು ಉಳಿತಾಯ ಅಲ್ಲ, ಬಿಲ್ ಇನ್ನೂ ಬಂದಿಲ್ಲ" ಅಂತ ಬರೀರಿ.

ಜೋಳದ ವಾಕ್ಯ ಹೀಗಿರಲಿ:

"ಮೆಕ್ಕೆಜೋಳಕ್ಕೆ ಯೋಜನೆಗಿಂತ 12.43 ಲಕ್ಷ ಹೆಚ್ಚು ಖರ್ಚಾಗಿದೆ. ಇದರಲ್ಲಿ 6.60 ಲಕ್ಷ, 50 ಟನ್ ಫೀಡ್ ಹೆಚ್ಚು ಮಾಡಿದ್ದಕ್ಕೆ. ಉಳಿದ 5.83 ಲಕ್ಷ ಖರೀದಿಗೆ ಸಂಬಂಧಿಸಿದ್ದು: ದರ ಟನ್ನಿಗೆ 1,000 ಏರಿದೆ, ಜೊತೆಗೆ ಜೋಳ ಹಸಿಯಾಗಿ ಬಂದಿದ್ದರಿಂದ ಒಣಗಿಸಿದಾಗ ಸುಮಾರು 11.6 ಟನ್ ತೂಕ ಇಳಿದಿದೆ. ಪ್ಲಾಂಟ್‌ನ ಬಳಕೆ ಫಾರ್ಮುಲಾದಂತೆಯೇ ಇದೆ. ಡ್ರೈಯರ್ ಸೌದೆಗೂ ಇದರಿಂದ 60 ಸಾವಿರ ಹೆಚ್ಚಾಗಿದೆ. ತೇವಾಂಶಕ್ಕೆ ತಕ್ಕಂತೆ ದರ ಕಡಿತ ಮಾಡದಿದ್ದರೆ ಹಸಿ ಜೋಳ ಬರುವಷ್ಟು ದಿನ ಇದು ಮುಂದುವರಿಯುತ್ತದೆ."

ಎಷ್ಟು, ಯಾಕೆ, ಮುಂದಿನ ತಿಂಗಳೂ ಇರುತ್ತಾ, ಯಾರು ಏನು ಮಾಡಬಹುದು, ನಾಲ್ಕೂ ಬಂತು. "ಏರಿಳಿತ" ಅನ್ನೋ ಪದ ತೆಗೀರಿ, ಅದು ಏರಿತು ಅಂತಲೂ ಹೇಳಲ್ಲ, ಇಳೀತು ಅಂತಲೂ ಹೇಳಲ್ಲ.

ಹರಿಹರದ ಸದಸ್ಯ: ಇಷ್ಟುದ್ದ ಯಾವ ಓನರ್ ಓದ್ತಾನೆ? "ಮಾರ್ಕೆಟ್ ಕಾರಣ ಅಂತ ಬರೆದ್ರೆ ಆಡಿಟರ್ ಮರುಪ್ರಶ್ನೆ ಹಾಕಲ್ಲ" ಅಂತ ಇನ್ನೊಂದು ಗ್ರೂಪಲ್ಲಿ ಬಂದಿತ್ತು, ಹಾಕ್ಲಾ?

ಕಾಸ್ಟ್ ಅಕೌಂಟೆಂಟ್ ಮೇಡಂ: ಹಾಕಬೇಡಿ. ಈ ವರದಿ ಆಡಿಟರ್‌ಗಲ್ಲ, ಯಾರಿಗೆ ಫೋನ್ ಮಾಡಬೇಕು ಅಂತ ಓನರ್‌ಗೆ ತಿಳಿಯೋಕೆ. ಆ ಸಲಹೆ ಕೇಳಿದ್ರೆ ಮುಂದಿನ ತಿಂಗಳೂ ನೀರು ಕೊಳ್ತಾರೆ. ಫಾರ್ವರ್ಡ್ ಮಾಡೋ ಮೊದಲು ಒಂದ್ಸಲ ಓದ್ರಿ.

ಹರಿಹರದ ಸದಸ್ಯ: ಸಹಾಯ ಮಾಡೋಣ ಅಂತ ಹಾಕಿದ್ರೆ ಹೀಗಾ. ಆಯ್ತು ಬಿಡ್ರಿ.

ಚಿತ್ರದುರ್ಗದ ಸದಸ್ಯೆ: ಫಾರ್ಮ್ಯಾಟ್ ಪಿಡಿಎಫ್ ಇದ್ರೆ ಹಾಕಿ ಮೇಡಂ, ಪ್ಲೀಸ್.

ಕಾಸ್ಟ್ ಅಕೌಂಟೆಂಟ್ ಮೇಡಂ: ಮೇಲೆ ಓದಿ.

ಚಳ್ಳಕೆರೆ ಎಣ್ಣೆ ಮಿಲ್ ಲೆಕ್ಕಪತ್ರ: ತೇವದ ಕಡಿತ ಅಂತ ಬರೆದುಬಿಟ್ರಿ, ಯಾರ್ಡ್‌ನಲ್ಲಿ ಅದು ಅಷ್ಟು ಸುಲಭ ಅಲ್ಲ ಮೇಡಂ. ಅವನ ಮೀಟರ್ 14 ತೋರಿಸಿದ್ರೆ ನಿಮ್ಮದು 16 ತೋರಿಸುತ್ತೆ.

ಫೀಡ್ ಫ್ಯಾಕ್ಟರಿ ಅಕೌಂಟೆಂಟ್: ಮೇಡಂ, ಒಂದು ತಪ್ಪಾಯ್ತು. ರಿಜಿಸ್ಟರ್ ಪೂರ್ತಿ ತಿರುವಿ ನೋಡಿದೆ. ತೇವಾಂಶ ಮೊದಲ ಎರಡು ವಾರ ಮಾತ್ರ ಬರೆದಿದಾರೆ, 16ನೇ ತಾರೀಕಿನಿಂದ ಕಾಲಂ ಖಾಲಿ. 15 ಅನ್ನೋದು ಆ ಎರಡು ವಾರದ್ದು.

ಕಾಸ್ಟ್ ಅಕೌಂಟೆಂಟ್ ಮೇಡಂ: ಹಾಗಾದ್ರೆ "ಖರೀದಿಗೆ ಸಂಬಂಧಿಸಿದ್ದು" ಅನ್ನೋ ಕಡೆ 5.83ರ ಬದಲು ದರದ 3.41 ಲಕ್ಷ ಮಾತ್ರ ಹಾಕಿ. "11.6 ಟನ್ ತೂಕ ಇಳಿದಿದೆ" ಅನ್ನೋದನ್ನೂ, "ಬಳಕೆ ಫಾರ್ಮುಲಾದಂತೆಯೇ ಇದೆ" ಅನ್ನೋದನ್ನೂ ತೆಗೀರಿ. "ಬ್ಯಾಚ್ ಶೀಟ್‌ನಲ್ಲಿ ಟನ್ನಿಗೆ 600 ಕೆಜಿಯೇ ಇದೆ. ಮೊದಲ ಎರಡು ವಾರದ ತೇವಾಂಶ 15, ಉಳಿದ ದಿನದ ದಾಖಲೆ ಇಲ್ಲ. 2.42 ಲಕ್ಷ ತೂಕ ಇಳಿದಿದ್ದರಿಂದಲೇ ಬಂದಿದ್ದು ಎಂದು ಕಾಣುತ್ತದೆ, ಖಚಿತವಾಗಿಲ್ಲ" ಅಂತ ಹಾಕಿ. ಕೊನೇ ಎರಡು ವಾರ ಸೌದೆ ಎಷ್ಟು ಹೋಗಿದೆ ಅಂತ ಬೇರೆ ಮಾಡಿ ನೋಡಿ. ಅದು ಕಡಿಮೆ ಇದ್ದು ಜೋಳದ ಬಳಕೆ ಮಾತ್ರ ಹೆಚ್ಚಿದ್ರೆ ನನ್ನ ಲೆಕ್ಕ ಅರ್ಧ ಬಿದ್ದುಹೋಗುತ್ತೆ, ಪ್ಲಾಂಟ್‌ನವರನ್ನೂ ಕೇಳಬೇಕಾಗುತ್ತೆ. ಕಾಲಂ ಯಾಕೆ ಖಾಲಿ ಬಿಟ್ರು ಅಂತ ಗೇಟ್‌ನವರನ್ನ ಇವತ್ತೇ ಕೇಳಿ.

ಫೀಡ್ ಫ್ಯಾಕ್ಟರಿ ಅಕೌಂಟೆಂಟ್: ಮೀಟರ್ ಸೆಲ್ ಮುಗಿದಿತ್ತಂತೆ ಮೇಡಂ.