ಅಪ್‌ಡೇಟ್: ಕೋತಿ, ಮೊಸಳೆ ಕೊನೆಗೂ ಐದು ನಿಮಿಷದೊಳಗೆ ಬಂದವು

ನನ್ನ ಪ್ರಶ್ನೆ ಇದಾಗಿತ್ತು: ತರಗತಿಯ ಪ್ರಾಜೆಕ್ಟ್‌ಗಾಗಿ ಕೋತಿ ಮತ್ತು ಮೊಸಳೆಯ ಕಥೆಯನ್ನು ಐದು ನಿಮಿಷದ ರೇಡಿಯೊ ನಾಟಕ ಮಾಡುತ್ತಿದ್ದೇನೆ. ಓದಿದರೆ ಎಂಟು ನಿಮಿಷವಾಗುತ್ತಿದೆ. ಏನನ್ನು ಕತ್ತರಿಸಲಿ?

ಅಪ್‌ಡೇಟ್: ನೀವು ಹೇಳಿದಂತೆ ಮೊದಲು ನಿರೂಪಕನ ಮೇಲೆ ಕತ್ತರಿ ಆಡಿಸಿದೆ. ಇಬ್ಬರೂ ಗೆಳೆಯರಾದ ಬಗೆಯನ್ನು ಅವನು ಒಂದೂವರೆ ನಿಮಿಷ ಹೇಳುತ್ತಿದ್ದ. ಈಗ ನಾಟಕ ನೇರಳೆ ಹಣ್ಣು ನೀರಿಗೆ ಬೀಳುವ ‘ಬುಳುಕ್’ ಸದ್ದಿನಿಂದ ಶುರುವಾಗುತ್ತದೆ. “ಇವತ್ತೂ ನನ್ನ ಪಾಲು ಇಷ್ಟೇ ಏನು, ಕೋತಿಯಣ್ಣ?” ಎಂದು ಮೊಸಳೆ ಕೇಳುತ್ತದೆ. ಮರ, ಹೊಳೆ, ಸ್ನೇಹ ಎಲ್ಲವೂ ಆ ಒಂದೇ ಮಾತಿನಲ್ಲಿ ಬಂದುಬಿಟ್ಟವು. ಮೊಸಳೆಯ ಹೆಂಡತಿಯ ದೃಶ್ಯವನ್ನೂ ತೆಗೆದೆ. ಅವಳಿಗೆ ಕೋತಿಯ ಗುಂಡಿಗೆ ಬೇಕೆಂಬುದನ್ನು ನಡುಹೊಳೆಯಲ್ಲಿ ಮೊಸಳೆಯೇ ತಡವರಿಸುತ್ತ ಹೇಳಿದರೆ ಸಾಕಿತ್ತು.

ತೊಂದರೆ ಎದುರಾದದ್ದು ಬೇರೆ ಕಡೆ. ಸ್ಕ್ರಿಪ್ಟ್ ನೋಡದ ಗೆಳತಿಗೆ ಕಣ್ಣು ಮುಚ್ಚಿ ಕೇಳಲು ಹೇಳಿದೆ. ಕೋತಿ ಯಾವಾಗ ದಡ ಸೇರಿತೆಂದು ಅವಳಿಗೆ ತಿಳಿಯಲೇ ಇಲ್ಲ! ‘ಕೋತಿ ಮರಕ್ಕೆ ಹಾರುತ್ತದೆ’ ಎಂದು ನಾನು ಕಂಸದಲ್ಲಿ ಬರೆದಿದ್ದೆ. ಕಂಸ ಯಾರಿಗೆ ಕೇಳಿಸುತ್ತದೆ? ಈಗ ಬಕೆಟ್ಟಿನಲ್ಲಿ ಕೈಯಾಡಿಸುವ ನೀರಿನ ಸದ್ದು ಥಟ್ಟನೆ ನಿಲ್ಲುತ್ತದೆ, ಎಲೆಗಳು ಸರಸರ ಎನ್ನುತ್ತವೆ, ಆಮೇಲೆ ಕೋತಿಯ ಧ್ವನಿ ಮೈಕಿನಿಂದ ಎರಡು ಹೆಜ್ಜೆ ದೂರದಿಂದ ಬರುತ್ತದೆ: “ಗುಂಡಿಗೆ ಇಲ್ಲೇ ಇದೆ, ಹತ್ತಿ ಬಾ!”

ಸದ್ದುಗಳನ್ನೂ ಸೇರಿಸಿ ಅಳೆದಾಗ ನಾಲ್ಕು ನಿಮಿಷ ಐವತ್ತು ಸೆಕೆಂಡ್. ಬರೀ ಮಾತನ್ನಷ್ಟೇ ಅಳೆದಿದ್ದರೆ ಮತ್ತೆ ಮೋಸ ಹೋಗುತ್ತಿದ್ದೆ. ನಾಳೆ ರೆಕಾರ್ಡಿಂಗ್.