ಉಸಿರು ಎಳೆದಷ್ಟೂ ಸಾಲುತ್ತಿಲ್ಲ, ಏನು ಮಾಡಲಿ?

ಮೆಟ್ರೋ ಪ್ರಯಾಣಿಕೆ: ಎರಡು ತಿಂಗಳಲ್ಲಿ ಮೂರು ಸಲ ಪ್ಯಾನಿಕ್ ಅಟ್ಯಾಕ್ ಆಯಿತು, ಎರಡು ಸಲ ಮೆಟ್ರೋದಲ್ಲೇ. ಇಸಿಜಿ, ರಕ್ತ, ಥೈರಾಯ್ಡ್ ಎಲ್ಲ ನೋಡಿದ್ದಾರೆ, ಸರಿಯಾಗಿದೆ. "ಜೋರಾಗಿ ಉಸಿರು ತಗೋ" ಅಂತಾರೆ. ತಗೊಂಡಷ್ಟೂ ಜಾಸ್ತಿ ಆಗುತ್ತದೆ, ಬೆರಳು ಜುಮ್ ಅನ್ನುತ್ತದೆ. ಉಸಿರಾಟದಿಂದ ಯಾರಿಗಾದರೂ ನಿಜವಾಗಿ ಉಪಯೋಗ ಆಗಿದೆಯಾ?

ಕ್ಯಾಷುವಾಲ್ಟಿ ನರ್ಸ್: ಜೋರಾಗಿ ಎಳೆಯುವುದೇ ಇಲ್ಲಿ ತೊಂದರೆ ಕಣಮ್ಮ. ಒಂದು ರಾತ್ರಿ ಒಬ್ಬ ಕಾಲೇಜು ಹುಡುಗನನ್ನು ಎತ್ತಿಕೊಂಡು ಬಂದರು. ಎರಡೂ ಕೈಯ ಬೆರಳು ಸೆಟೆದು ಒಂದಕ್ಕೊಂದು ಕೂಡಿಕೊಂಡಿದ್ದವು. ಬಳೆ ತೊಡಿಸುವಾಗ ಕೈ ಮಡಿಸಿ ಹಿಡಿಯುತ್ತಾರಲ್ಲ, ಹಾಗೆ. "ಉಸಿರು ಸಿಗ್ತಿಲ್ಲ ಸಿಸ್ಟರ್" ಅಂತ ಅಳುತ್ತಿದ್ದ. ಬೆರಳಿಗೆ ಕ್ಲಿಪ್ ಹಾಕಿದರೆ ಆಕ್ಸಿಜನ್ 99.

ಅಂದರೆ ಗಾಳಿಗೆ ಕೊರತೆ ಇರಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿ ಮೈಯಲ್ಲಿರಬೇಕಾದ ಕಾರ್ಬನ್ ಡೈಆಕ್ಸೈಡನ್ನೆಲ್ಲ ಹೊರಗೆ ಹಾಕಿಬಿಟ್ಟಿದ್ದ. ಅದು ಇಳಿದರೆ ಮಿದುಳಿಗೆ ಹೋಗುವ ರಕ್ತನಾಳ ಕಿರಿದಾಗಿ ತಲೆ ತೇಲುತ್ತದೆ, ತುಟಿ ಬೆರಳು ಜುಮ್ ಅನ್ನುತ್ತವೆ. ಅದಕ್ಕೇ ಇನ್ನಷ್ಟು ಹೆದರಿ ಇನ್ನಷ್ಟು ಎಳೆಯುತ್ತೀರಿ. ನಿಮ್ಮದೂ ಇದೇ ಇರಬೇಕು.

ಅವನಿಗೆ ಹೇಳಿದ್ದು ಇಷ್ಟೇ. ಮೊದಲು ಉಸಿರು ಬಿಡು. ತುಟಿ ಕೂಡಿಸಿಕೊಂಡು, ಬಿಸಿ ಹಾಲಿನ ಕೆನೆ ಸರಿಸುವಷ್ಟು ಮೆಲ್ಲಗೆ. ಆಮೇಲೆ ಮೂಗಿನಿಂದ ಸ್ವಲ್ಪವೇ ಒಳಗೆ, ನಾಲ್ಕು ಎಣಿಸುವಷ್ಟು. ಬಿಡುವುದು ಆರು ಎಣಿಸುವಷ್ಟು. ಅದೂ ಆಗದಿದ್ದರೆ ಎರಡು ಒಳಗೆ, ಮೂರು ಹೊರಗೆ ಅಂತ ಶುರು ಮಾಡಿ. ಭುಜ ಮೇಲೇರಬಾರದು, ಹೊಟ್ಟೆ ಮೇಲಿಟ್ಟ ಕೈ ಏಳಬೇಕು. ಸುಮಾರು ಹತ್ತು ನಿಮಿಷಕ್ಕೆ ಬೆರಳು ಬಿಟ್ಟುಕೊಂಡವು. ಎದೆಬಡಿತ ಇಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಹಳೇ ಕಾಲದವನು: ಸರಿಯಾಗಿ ಹೇಳಿದಿರಿ. ಅದಕ್ಕೇ ಪೇಪರ್ ಕವರಿಗೆ ಬಾಯಿ ಹಚ್ಚಿ ಉಸಿರಾಡಬೇಕು ಅನ್ನುವುದು. ಬಿಟ್ಟ ಗಾಳಿಯೇ ವಾಪಸ್ ಬರುತ್ತೆ, ಕೆಲಸ ಮುಗೀತು.

ಕ್ಯಾಷುವಾಲ್ಟಿ ನರ್ಸ್: ಲೆಕ್ಕ ಸರಿ ಸರ್, ಆದರೆ ಮಾಡಬೇಡಿ. ಈಗ ನಾವು ಯಾರಿಗೂ ಕವರ್ ಕೊಡುವುದಿಲ್ಲ. ಪ್ಯಾನಿಕ್ ಅಂದುಕೊಂಡದ್ದು ಆಸ್ತಮಾನೋ ಹಾರ್ಟ್ ಅಟ್ಯಾಕೋ ಆಗಿದ್ದರೆ, ಇರುವ ಆಕ್ಸಿಜನ್ನೂ ಇಳಿದುಹೋಗುತ್ತದೆ.

ಬೆಳಗಿನ ಯೋಗ: ನಾನು ಏಳು ವರ್ಷದಿಂದ ದಿನಾ 100 ಕಪಾಲಭಾತಿ ಮಾಡುತ್ತೇನೆ, ಗ್ಯಾಸ್ಟ್ರಿಕ್ ಪೂರ್ತಿ ಹೋಯಿತು. ನಿಮ್ಮದೂ ಗ್ಯಾಸ್ ಇರಬಹುದು, ಎದೆ ಹಾಗೇ ಹಿಡಿಯುತ್ತೆ. ರಾತ್ರಿ ಊಟ ಎಷ್ಟು ಗಂಟೆಗೆ?

ಧಾರವಾಡದಿಂದ: ಅಕ್ಕಾರ, ಅವರು ಕೇಳಿದ್ದು ಗ್ಯಾಸ್ ಅಲ್ಲ. ಮತ್ತ ಕಪಾಲಭಾತಿ, ಭಸ್ತ್ರಿಕಾ ಅಂದ್ರ ಜೋರು ಉಸಿರಾಟ. ನನಗ ಒಮ್ಮೆ ಭಸ್ತ್ರಿಕಾ ಮಾಡುವಾಗಲೇ ಅಟ್ಯಾಕ್ ಶುರು ಆಗಿತ್ತು. ಭ್ರಾಮರಿ ಹೊಂದಿತು ನೋಡ್ರಿ. ಗುಂಯ್ ಅನ್ನುವಾಗ ಉಸಿರು ತಾನಾಗೇ ಉದ್ದ ಹೋಗತದ, ಎಣಿಸೂದೂ ಬ್ಯಾಡ. ಮಂದಿ ನಡುವೆ ಮಾಡಾಕ ಆಗಂಗಿಲ್ಲ, ಅದೊಂದ ತ್ರಾಸು.

ಕ್ಯಾಷುವಾಲ್ಟಿ ನರ್ಸ್: ಉಸಿರು ಬಿಡುವಾಗ ಹೃದಯ ಸ್ವಲ್ಪ ನಿಧಾನ ಆಗುತ್ತದೆ, ಎಳೆಯುವಾಗ ಚುರುಕಾಗುತ್ತದೆ. ಸುಮ್ನೆ ಕೂತಿದ್ದಾಗ ನಾಡಿ ಹಿಡಿದು ನೋಡಿ, ಕೆಲವರಿಗೆ ಬೆರಳಿಗೇ ಗೊತ್ತಾಗುತ್ತದೆ. ಬಿಡುವುದನ್ನು ಉದ್ದ ಮಾಡಲು ಹೇಳುವುದು ಅದಕ್ಕೂ ಹೌದು. ದಿನಾ ಐದು ನಿಮಿಷ ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಅಟ್ಯಾಕ್ ಬಂದಾಗಲೇ ಮೊದಲ ಸಲ ಮಾಡಲು ಹೊರಟರೆ ಲೆಕ್ಕ ತಪ್ಪುತ್ತದೆ.

ಎಣಿಸಿ ಸಾಕಾದವನು: ನನ್ನದು ಬೇರೆ ಕಥೆ. 4-6 ಎಣಿಸುವುದೇ ತಾಯತ ಆಗಿಬಿಟ್ಟಿತ್ತು. ಎಣಿಸದಿದ್ದರೆ ಸತ್ತೇಹೋಗುತ್ತೇನೆ ಅನ್ನುವ ಹೊಸ ಭಯ. ಆಮೇಲೆ ಥೆರಪಿಸ್ಟ್ ಎದುರಿಗೆ ಕೂರಿಸಿಕೊಂಡು ಒಂದು ನಿಮಿಷ ಬೇಕಂತಲೇ ಜೋರಾಗಿ ಉಸಿರಾಡಿಸಿದರು. ಅದೇ ಜುಮ್, ಅದೇ ತಲೆಸುತ್ತು. ಏನೂ ಮಾಡದೆ ಕೂತೆ. ತಾನಾಗೇ ಹೋಯಿತು. ಅವತ್ತಿನಿಂದ ಎಣಿಕೆ ಬಿಟ್ಟಿದ್ದೇನೆ.

ಕ್ಯಾಷುವಾಲ್ಟಿ ನರ್ಸ್: ನೀವು ಹೇಳುವುದರಲ್ಲಿ ಸತ್ಯ ಇದೆ, ಡಾಕ್ಟರುಗಳಲ್ಲೂ ಇದರ ಬಗ್ಗೆ ಒಂದೇ ಮಾತಿಲ್ಲ. ನನ್ನ ಅನುಭವದಲ್ಲಿ ಆ ಹೊತ್ತಿಗೆ ಉಸಿರಾಟ ಆಸರೆ ಕೊಡುತ್ತದೆ, ಮತ್ತೆ ಬರದ ಹಾಗೆ ತಡೆಯುತ್ತದೆ ಅಂತ ಹೇಳಲಾರೆ. ಆದರೆ ಆ ಜೋರು ಉಸಿರಿನ ಪ್ರಯೋಗ ಮನೆಯಲ್ಲಿ ಒಬ್ಬರೇ ಮಾಡಬೇಡಿ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇದ್ದವರು, ಬಸುರಿಯರು ಅಂತೂ ಬೇಡ. ಎದೆನೋವು ಕೈಗೋ ದವಡೆಗೋ ಹರಡಿದರೆ, ತಣ್ಣನೆ ಬೆವರಿದರೆ ಎಣಿಸುತ್ತಾ ಕೂರದೆ ಆಸ್ಪತ್ರೆಗೆ ಬನ್ನಿ. ಮಾತಾಡಲು ಯಾರಾದರೂ ಬೇಕಿದ್ದರೆ ಟೆಲಿ ಮಾನಸ್ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೆಟ್ರೋ ಪ್ರಯಾಣಿಕೆ: ಎಲ್ಲರಿಗೂ ಥ್ಯಾಂಕ್ಸ್. ಐದು ದಿನ ಮನೆಯಲ್ಲಿ ಮಾಡಿದೆ. ನಾಲ್ಕು-ಆರು ಇನ್ನೂ ಕಷ್ಟ, ಮೂರು-ನಾಲ್ಕಕ್ಕೆ ನಿಂತಿದ್ದೇನೆ. ನಿನ್ನೆ ಮೆಜೆಸ್ಟಿಕ್ ಹತ್ತಿರ ಬರುವಾಗ ಎದೆ ಹಿಡಿಯಿತು. ಕೆನೆ ಊದುವ ಹಾಗೆ ಬಿಡುತ್ತಾ ನಿಂತೆ. ಜುಮ್ ಬರಲಿಲ್ಲ, ಭಯ ಮಾತ್ರ ಇತ್ತು. ಆದರೂ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಟ್ಟೆ. ಇಳಿಯಬಾರದಿತ್ತಾ?

ಎಣಿಸಿ ಸಾಕಾದವನು: ಇನ್ನೊಂದು ಸ್ಟೇಷನ್ ಕೂತು ನೋಡಿ ಮುಂದಿನ ಸಲ.